ಹಬ್ಬದ ರಿಯಾಯಿತಿ ಪ್ರಕಟಣೆ: ಶೇಕಡಾವಾರು ಬರೆಯಬೇಕೆ, ಹಿಂದಿನ ಬೆಲೆ ಬರೆಯಬೇಕೆ?

ಮಲ್ಲೇಶ್ವರದ ನಮ್ಮ ಸೀರೆ ಅಂಗಡಿಯ ಹಬ್ಬದ ಪ್ರಕಟಣೆಯನ್ನು ನಾನು ಎರಡು ಬಗೆಯಲ್ಲಿ ಬರೆದು, ಬೇರೆ ಬೇರೆ ಹಬ್ಬಗಳಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿ ನೋಡಿದ್ದೇನೆ. ಒಂದರಲ್ಲಿ ‘ಶೇ. 38ರವರೆಗೆ ರಿಯಾಯಿತಿ, ಸ್ಟಾಕ್ ಇರುವವರೆಗೆ ಮಾತ್ರ’ ಎಂದಷ್ಟೇ ಇತ್ತು. ಇನ್ನೊಂದರಲ್ಲಿ ಆಯ್ದ ಕೆಲವು ಸೀರೆಗಳ ಚಿತ್ರ, ಪ್ರತಿಯೊಂದರ ಹಿಂದಿನ ಬೆಲೆ ಮತ್ತು ಹಬ್ಬದ ಬೆಲೆ, ಕೊನೆಯ ದಿನಾಂಕ, ಎಕ್ಸ್‌ಚೇಂಜ್ ಷರತ್ತು ಇದ್ದವು.

ಹಿಂದಿನ ಬೆಲೆ ಎಂದು ಯಾವುದನ್ನು ಹಿಡಿಯುತ್ತೇವೆ ಎಂಬಲ್ಲಿಯೇ ಇವೆರಡೂ ಬೇರೆಯಾಗುತ್ತವೆ. ನಮ್ಮಲ್ಲಿದ್ದ ಒಂದು ಕಾಟನ್ ಸಿಲ್ಕ್ ಸೀರೆಯ ಚೀಟಿಯಲ್ಲಿ ಎಂಆರ್‌ಪಿ 2,400 ರೂಪಾಯಿ ಎಂದಿದ್ದರೂ ಯುಗಾದಿಯಿಂದ ಅದನ್ನು 1,850ಕ್ಕೇ ಮಾರುತ್ತಿದ್ದೆವು. ಹಬ್ಬಕ್ಕೆ 1,480 ಎಂದಾಗ, ಎಂಆರ್‌ಪಿಯಿಂದ ಲೆಕ್ಕ ಹಾಕಿದರೆ ಸುಮಾರು ಶೇ. 38, ಮಾರುತ್ತಿದ್ದ ಬೆಲೆಯಿಂದ ಹಾಕಿದರೆ ಶೇ. 20 ಇಳಿಕೆಯಾಗುತ್ತದೆ. ಎಂಆರ್‌ಪಿ ಎಂಬುದು ಮೀರಬಾರದ ಮಿತಿಯೇ ಹೊರತು ಆ ಬೆಲೆಗೆ ಯಾರಾದರೂ ಕೊಂಡಿದ್ದರೆಂಬುದಕ್ಕೆ ಆಧಾರವಲ್ಲ. ಮೊದಲ ಪ್ರಕಟಣೆಗೆ ಹೆಚ್ಚು ಜನ ಬಂದರು ಎಂಬುದು ನಿಜ, ಆದರೆ ಹಳೆಯ ಗಿರಾಕಿಯೊಬ್ಬರು ಗಲ್ಲಾದ ಮುಂದೆಯೇ, “ನಮ್ಮ ಅತ್ತಿಗೆಗೆ ಇದನ್ನೇ 1,850ಕ್ಕೆ ಕೊಟ್ಟಿದ್ರಲ್ಲಾ, ಈ 2,400 ಎಲ್ಲಿಂದ ಬಂತು?” ಎಂದು ಕೇಳಿದಾಗ ಸುತ್ತ ನಿಂತವರೆಲ್ಲ ಚೌಕಾಸಿಗೆ ಇಳಿದರು. ಎರಡನೆಯದಕ್ಕೆ ಬಂದವರು ಕಡಿಮೆ, ಆದರೆ ಬಹುಮಂದಿ ಮೊಬೈಲಿನಲ್ಲಿ ಚಿತ್ರ ತೋರಿಸಿ ಅದೇ ಸೀರೆಯನ್ನು ಕೇಳಿದರು. ನನ್ನ ಆಯ್ಕೆ ಇದೇ. ಎಲ್ಲ ಮಾಲಿಗೂ ಹೀಗೆ ಬರೆಯಲಾಗದು, ಮುಗಿದ ಸೀರೆಯ ಚಿತ್ರದ ಮೇಲೆ ‘ಮುಗಿದಿದೆ’ ಎಂದು ಆಗಾಗ ಬರೆದು ಮತ್ತೆ ಕಳುಹಿಸಬೇಕಾಗುತ್ತದೆ ಎಂಬ ತೊಂದರೆಯೂ ಅದಕ್ಕಿದೆ.

ದಿನಾಂಕದ ವಿಷಯದಲ್ಲಿ ಹೋಲಿಕೆಯೇ ಬೇಡ. ಇಂತಹ ಚಿತ್ರಗಳು ಗುಂಪಿನಿಂದ ಗುಂಪಿಗೆ ಹೋಗಿ ವಾರಗಳ ನಂತರವೂ ಯಾರದೋ ಮೊಬೈಲಿಗೆ ತಲುಪುವುದರಿಂದ, ‘ಇಂದೇ ಕೊನೆಯ ದಿನ’ ಎಂಬುದಕ್ಕೆ ಅರ್ಥವಿರುವುದಿಲ್ಲ. ‘ಅಕ್ಟೋಬರ್ 18, ರಾತ್ರಿ 9ರವರೆಗೆ’ ಎಂದು ಚಿತ್ರದ ಮೇಲೆಯೇ ಅಚ್ಚಾಗಿರಬೇಕು.

ಹೆಚ್ಚು ಜಗಳ ತರುವುದು ಎಕ್ಸ್‌ಚೇಂಜ್. ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಹಳೆಯ ಸಾಲು ದೋಷವಿರುವ ಬಟ್ಟೆಗೆ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ ದೋಷಯುಕ್ತ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಬಣ್ಣ ಹಿಡಿಸಲಿಲ್ಲ ಎಂದು ಬರುವವರ ಮಾತು ಬೇರೆ. ಅಲ್ಲಿ ಅಂಗಡಿಯವರ ಷರತ್ತು ನಡೆಯುತ್ತದೆ, ಆದರೆ ಕೊಳ್ಳುವ ಮುನ್ನವೇ ಅದು ತಿಳಿದಿರಬೇಕು. ರಿಯಾಯಿತಿ ಮುಗಿದ ಮೇಲೆ ಬದಲಾಯಿಸಲು ಬಂದರೆ ಯಾವ ಬೆಲೆ ಎಂಬ ಪ್ರಶ್ನೆಗೂ ಉತ್ತರವಿರಬೇಕೆಂದು ನಾವು ಈಗ ಹೀಗೆ ಬರೆಯುತ್ತೇವೆ: ‘ಬಿಲ್ ತಂದರೆ 10 ದಿನಗಳೊಳಗೆ ಬದಲಾಯಿಸಿ ಕೊಡುತ್ತೇವೆ. ಬಿಲ್ಲಿನಲ್ಲಿರುವ ಮೊತ್ತವೇ ಲೆಕ್ಕಕ್ಕೆ. ಫಾಲ್ ಹಾಕಿಸಿದ, ಬ್ಲೌಸ್ ಪೀಸ್ ಕತ್ತರಿಸಿದ ಸೀರೆಯನ್ನು ಬದಲಾಯಿಸುವುದಿಲ್ಲ. ನೇಯ್ಗೆಯಲ್ಲಿ ದೋಷವಿದ್ದರೆ 30 ದಿನಗಳೊಳಗೆ ತನ್ನಿ, ಹಣವನ್ನೇ ಹಿಂದಿರುಗಿಸುತ್ತೇವೆ.’