ಮನೆ ಪುಸ್ತಕಗಳ ಪಟ್ಟಿಗೆ ಗೂಗಲ್ ಶೀಟ್ಸ್: ಕೆಲವು ವರ್ಷ ಬಳಸಿದ ಮೇಲೆ

ಮನೆಯ ಪುಸ್ತಕಗಳ ಪಟ್ಟಿಯನ್ನು ಕೆಲವು ವರ್ಷಗಳಿಂದ ಗೂಗಲ್ ಶೀಟ್ಸ್‌ನಲ್ಲಿ ಇಟ್ಟಿದ್ದೇನೆ. ಅದಕ್ಕೂ ಮೊದಲು ಬಾರ್‌ಕೋಡ್ ಸ್ಕ್ಯಾನ್ ಮಾಡುವ ಒಂದು ಆ್ಯಪ್ ಬಳಸಿದ್ದೆ. ಹೊಸ ಪುಸ್ತಕಗಳಿಗೆ ಅದು ಚೆನ್ನಾಗಿತ್ತು. ಆದರೆ ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳೇ ನನ್ನ ಬಳಿ ಜಾಸ್ತಿ, ಅವನ್ನೆಲ್ಲ ಕೈಯಲ್ಲೇ ಟೈಪ್ ಮಾಡಬೇಕಿತ್ತು. ನಾನು ಅದನ್ನು ಬಿಟ್ಟಿದ್ದು ಮಾತ್ರ ಬೇರೆ ಕಾರಣಕ್ಕೆ. ಪುಸ್ತಕ ಕೊಟ್ಟಾಗ ಒಂದು ಟಿಕ್ ಹಾಕಬೇಕು, ವಾಪಸ್ ಬಂದಾಗ ತೆಗೆಯಬೇಕು. ಟಿಕ್ ತೆಗೆದರೆ ಯಾರು ಒಯ್ದಿದ್ದರು, ಯಾವಾಗ ಒಯ್ದಿದ್ದರು ಅನ್ನುವುದೂ ಅಳಿಸಿ ಹೋಗುತ್ತಿತ್ತು.

ಶೀಟ್ಸ್‌ನಲ್ಲಿ ಎರಡು ಟ್ಯಾಬ್ ಮಾಡಿಕೊಂಡಿದ್ದೇನೆ. ಮೊದಲನೆಯದು ಪುಸ್ತಕಗಳದ್ದು: ಸಂಖ್ಯೆ, ಹೆಸರು, ಲೇಖಕರು, ಕಪಾಟು, ಸ್ಥಿತಿ. ಎರಡನೆಯದರ ಹೆಸರು ‘ಎರವಲು’. ಅದರಲ್ಲಿ ಪುಸ್ತಕದ ಸಂಖ್ಯೆ, ಒಯ್ದವರು, ಕೊಟ್ಟ ದಿನ, ಬಂದ ದಿನ ಅಷ್ಟೇ. ಒಂದೊಂದು ಸಲ ಕೊಟ್ಟಾಗಲೂ ಹೊಸದೊಂದು ಸಾಲು. ‘ಬಂದ ದಿನ’ ಖಾಲಿ ಇದ್ದರೆ ಪುಸ್ತಕ ಹೊರಗಿದೆ ಎಂದರ್ಥ. ಸ್ಥಿತಿಯ ಕಾಲಂ ಅನ್ನು ನಾನು ಮುಟ್ಟುವುದೇ ಇಲ್ಲ, ಈ ಸೂತ್ರವೇ ತುಂಬುತ್ತದೆ:

```
=IF(COUNTIFS('ಎರವಲು'!A:A,A2,'ಎರವಲು'!D:D,"")>0,"ಹೊರಗೆ","ಮನೆಯಲ್ಲಿ")
```

ಸಂಖ್ಯೆ ಯಾಕೆ, ಹೆಸರೇ ಸಾಕಲ್ವಾ ಎಂದು ಕೇಳಬಹುದು. ನನ್ನಲ್ಲಿ ಒಂದೇ ನಿಘಂಟಿನ ಎರಡು ಪ್ರತಿಗಳಿವೆ. ಒಂದು ಹಳೆಯ ಮುದ್ರಣ, ಅಂಚಿನಲ್ಲಿ ಟಿಪ್ಪಣಿ ಇರುವಂಥದ್ದು. ಇನ್ನೊಂದು ಹೊಸದು. ಹೊಸದನ್ನು ಗೆಳೆಯರೊಬ್ಬರು ಒಯ್ದಿದ್ದಾರೆ. ಹೆಸರಿನ ಮೇಲೆ ಲೆಕ್ಕ ಹಾಕಿದರೆ ಎರಡೂ ‘ಹೊರಗೆ’ ಎಂದೇ ತೋರಿಸುತ್ತದೆ. P214 ಮತ್ತು P215 ಎಂದು ಬೇರೆ ಮಾಡಿದ ಕಾರಣ P215 ಮಾತ್ರ ಹೊರಗಿದೆ, ಟಿಪ್ಪಣಿ ಇರುವ ಪ್ರತಿ ಮನೆಯಲ್ಲೇ ಇದೆ ಎಂದು ಗೊತ್ತಾಗುತ್ತದೆ. ಸಂಖ್ಯೆಯ ಮುಂದೆ ಒಂದು ಅಕ್ಷರ ಇರಲಿ. ಬರೀ 0142 ಎಂದು ಹೊಡೆದರೆ ಶೀಟು ಅದನ್ನು 142 ಮಾಡಿಬಿಡುತ್ತದೆ. ಈ ಸಂಖ್ಯೆಯನ್ನು ಪುಸ್ತಕದ ಒಳರಟ್ಟಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಸಣ್ಣಗೆ ಬರೆಯುತ್ತೇನೆ. ಅಂಟಿನ ಚೀಟಿ ಬೇಡ, ಹಳೆಯ ಕಾಗದಕ್ಕೆ ಕಲೆ ಹಿಡಿಯುತ್ತದೆ.

ಕಪಾಟಿನ ಗುರುತು ಸರಳವಾಗಿದೆ. ಕಪಾಟಿಗೆ ಒಂದು ಅಕ್ಷರ, ಮೇಲಿನಿಂದ ಎಣಿಸಿದ ಹಲಗೆಗೆ ಒಂದು ಅಂಕಿ: B3 ಎಂದರೆ ಎರಡನೇ ಕಪಾಟಿನ ಮೂರನೇ ಹಲಗೆ. ಹಲಗೆಯಲ್ಲಿ ಎಷ್ಟನೆಯ ಪುಸ್ತಕ ಎಂದು ಬರೆಯಲು ಹೋಗಬೇಡಿ. ಒಂದನ್ನು ತೆಗೆದು ಪಕ್ಕಕ್ಕಿಟ್ಟರೆ ಅದೆಲ್ಲ ಸುಳ್ಳಾಗುತ್ತದೆ. ಒಂದು ಹಲಗೆಯಲ್ಲಿ ಕಣ್ಣಾಡಿಸಲು ಎಷ್ಟು ಹೊತ್ತು ಬೇಕು?

ಕನ್ನಡದಲ್ಲಿ ಪಟ್ಟಿ ಮಾಡುವವರು ಲೇಖಕರ ಕಾಲಂ ಬಗ್ಗೆ ಹುಷಾರಾಗಿರಬೇಕು. ಇನಿಷಿಯಲ್‌ಗಳ ನಡುವೆ ಒಮ್ಮೆ ಜಾಗ ಬಿಟ್ಟು ಒಮ್ಮೆ ಬಿಡದೆ ಹೊಡೆದರೆ ಒಬ್ಬರೇ ಲೇಖಕರು ಇಬ್ಬರಾಗುತ್ತಾರೆ. ಇನ್ನೊಂದು ತೊಂದರೆ ಕಣ್ಣಿಗೇ ಬೀಳುವುದಿಲ್ಲ. ‘ರಾಜ್‌’ ಥರದ ಹೆಸರಿನಲ್ಲಿ ಒತ್ತಕ್ಷರ ಕೂಡಿಕೊಳ್ಳದಂತೆ ಕೀಬೋರ್ಡುಗಳು ಕಾಣದ ಒಂದು ಅಕ್ಷರವನ್ನು ಸೇರಿಸುತ್ತವೆ. ಹೆಸರಿನ ಕೊನೆಯಲ್ಲಿ ಅದಿದ್ದರೂ ಇಲ್ಲದಿದ್ದರೂ ನೋಡಲು ಒಂದೇ ಥರ, ಆದರೆ ಹೋಲಿಸಿ ನೋಡುವ ಸೂತ್ರಕ್ಕೆ ಅವು ಎರಡು ಬೇರೆ ಪದ. ಒಂದೇ ಲೇಖಕರ ಪುಸ್ತಕಗಳನ್ನು ಫಿಲ್ಟರ್ ಮಾಡುವಾಗ ಅದೇ ಹೆಸರು ಎರಡು ಸಲ ಕಂಡರೆ ಇದೇ ಕಾರಣ ಎಂದುಕೊಳ್ಳಿ. ಲೇಖಕರ ಹೆಸರುಗಳನ್ನು ಮೂರನೆಯ ಟ್ಯಾಬ್‌ನಲ್ಲಿ ಒಮ್ಮೆ ಮಾತ್ರ ಬರೆದು, ಡೇಟಾ ವ್ಯಾಲಿಡೇಶನ್ ಮೂಲಕ ಡ್ರಾಪ್‌ಡೌನ್ ಮಾಡಿಕೊಂಡರೆ ಇದು ನಿಲ್ಲುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಕೊರತೆಗಳೂ ಇವೆ. ಫೋನಿನ ಸಣ್ಣ ಪರದೆಯಲ್ಲಿ ಹೊಸ ಪುಸ್ತಕಗಳನ್ನು ಸೇರಿಸುವುದು ಕಷ್ಟ, ಅದಕ್ಕೆ ಕಂಪ್ಯೂಟರೇ ಬೇಕು. ಎರವಲಿನ ಸಾಲನ್ನು ಮಾತ್ರ ಫೋನಿನಲ್ಲೇ ಹಾಕುತ್ತೇನೆ, ಒಯ್ಯುವವರು ಬಾಗಿಲು ದಾಟುವ ಮೊದಲು. ಮುಖಪುಟದ ಚಿತ್ರ ತಾನಾಗಿ ಬರುವುದಿಲ್ಲ. ನಾನು ಅದನ್ನು ಬಯಸಿದ್ದೂ ಇಲ್ಲ.

ಬರೆಯದೇ ಕೊಟ್ಟ ಪುಸ್ತಕವನ್ನು ಯಾವ ಸೂತ್ರವೂ ಹಿಡಿಯಲಾರದು. ಅದಕ್ಕೆ ವರ್ಷಕ್ಕೊಮ್ಮೆ ಪಟ್ಟಿಯನ್ನು ಕಪಾಟಿನ ಪ್ರಕಾರ ಜೋಡಿಸಿ, ಒಂದೊಂದು ಹಲಗೆಯ ಮುಂದೆ ನಿಂತು ನೋಡುತ್ತೇನೆ. ಪಟ್ಟಿ ‘ಮನೆಯಲ್ಲಿ’ ಅನ್ನುತ್ತದೆ, ಪುಸ್ತಕ ಹಲಗೆಯಲ್ಲಿಲ್ಲ ಎಂದಾದರೆ ಅಕ್ಕಪಕ್ಕದ ಹಲಗೆಗಳಲ್ಲಿ ಹುಡುಕುತ್ತೇನೆ. ಹೆಚ್ಚಿನವು ಅಲ್ಲೇ ಸಿಗುತ್ತವೆ. ಸಿಗದಿದ್ದರೆ ‘ಎರವಲು’ ಟ್ಯಾಬ್‌ನಲ್ಲಿ ಆ ಸಂಖ್ಯೆಯ ಹಳೆಯ ಸಾಲುಗಳನ್ನು ನೋಡುತ್ತೇನೆ. ಮೊದಲು ಒಯ್ದವರೇ ಮತ್ತೆ ಕೇಳಿ ಒಯ್ದಿರುವುದು ಉಂಟು, ಹಾಗಾಗಿ ಮೊದಲ ಫೋನು ಅವರಿಗೇ.