ಚಾರ್ಟ್ ಆಯಿತು, ವೇಟಿಂಗ್ ಟಿಕೆಟ್ ಹೋಯಿತು: ಕಲಬುರಗಿಯಿಂದ ಒಂಬತ್ತು ವರ್ಷ ಇ-ಟಿಕೆಟ್ ಬಳಸಿದವನ ಮಾತು

ಒಂಬತ್ತು ವರ್ಷದಿಂದ ರೈಲಿನ ಇ-ಟಿಕೆಟನ್ನು ಮೊಬೈಲ್‌ನಲ್ಲೇ ಮಾಡಿಸುತ್ತಿದ್ದೇನೆ. ಕಲಬುರಗಿಯಿಂದ ಬೆಂಗಳೂರಿಗೆ ವರ್ಷಕ್ಕೆ ಏಳೆಂಟು ಸಲ ಹೋಗಿ ಬರುತ್ತೇವೆ. ಅಂಕ ಕೊಡಿ ಅಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಕನ್ಫರ್ಮ್ ಟಿಕೆಟ್ ಸಿಕ್ಕವರಿಗೆ ಇದು ಐದಕ್ಕೆ ಐದರ ಸೇವೆ, ಅದರಲ್ಲಿ ಹೇಳೋಕೆ ಏನೂ ಇಲ್ಲ. ಕಳೆದುಕೊಂಡ ಒಂದೂವರೆ ಅಂಕ ಪೂರ್ತಿ ವೇಟಿಂಗ್ ಲಿಸ್ಟ್‌ನದ್ದು. ಅದರಲ್ಲೂ ಅರ್ಧ ತಪ್ಪು ನನ್ನದೇ. ಚಾರ್ಟ್ ಅಂದರೆ ಗಾಡಿಯಲ್ಲಿ ಯಾರ್ಯಾರಿಗೆ ಜಾಗ ಅಂತ ಹೊರಡುವ ಮೊದಲು ರೈಲ್ವೆಯವರು ಮಾಡುವ ಹೆಸರುಗಳ ಪಟ್ಟಿ. ಅದು ಯಾವಾಗ ಆಗುತ್ತದೆ, ಆದರೆ ಏನಾಗುತ್ತದೆ ಅನ್ನುವುದು ನನಗೆ ಬಹಳ ವರ್ಷ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತಾದದ್ದು 2024ರ ಬೇಸಿಗೆಯಲ್ಲಿ. ಅವ್ವನ ಕಣ್ಣಿನ ಆಪರೇಷನ್ ಆಗಿ ಮತ್ತೆ ತೋರಿಸಲು ಬೆಂಗಳೂರಿಗೆ ಹೋಗಬೇಕಿತ್ತು. ನಾನು, ನನ್ನ ಹೆಂಡತಿ, ಅವ್ವ. ಬೀದರಿನಿಂದ ಹೊರಟು ರಾತ್ರಿ ಕಲಬುರಗಿಗೆ ಬರುವ ಗಾಡಿಯಲ್ಲಿ ಮೂರು ಸ್ಲೀಪರ್ ಮಾಡಿಸಿದೆ. ವೇಟಿಂಗ್ 11, 12, 13 ಬಂತು. ಹೊರಡುವ ದಿನ ಬೆಳಿಗ್ಗೆ ನೋಡಿದರೆ 2, 3, 4ಕ್ಕೆ ಇಳಿದಿತ್ತು. ಇನ್ನೇನು, ಸಂಜೆಯೊಳಗೆ ಆಗಿಬಿಡುತ್ತದೆ ಅಂದುಕೊಂಡೆ. ಗಾಡಿ ನಮ್ಮೂರಿಗೆ ಬರುವುದು ರಾತ್ರಿ, ಚಾರ್ಟ್ ಆಗುವುದು ನಾಲ್ಕು ಗಂಟೆ ಮೊದಲು, ಅಂದರೆ ಸಂಜೆ ಐದರವರೆಗೆ ಟೈಮ್ ಇದೆ ಅನ್ನುವುದು ನನ್ನ ಲೆಕ್ಕ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಮೆಸೇಜ್ ಬಂತು. ಹೆಂಡತಿ ಓದಿ, "ಕ್ಯಾನ್ಸಲ್ ಆಗ್ಯಾದ ಅಂತ ಬಂದದ ನೋಡ್ರಿ" ಅಂದಳು. ನಾನು ಕ್ಯಾನ್ಸಲ್ ಮಾಡಿರಲಿಲ್ಲ. ಮಾಡಿದ್ದು ಯಾರು?

ಅಲ್ಲಿಂದ ಶುರುವಾಯಿತು ನನ್ನ ಪಾಠ.

ಮೊದಲನೆಯದು ಟೈಮಿನ ವಿಷಯ. ಚಾರ್ಟಿನ ಗಡಿಯಾರ ನಮ್ಮೂರಿನ ಸ್ಟೇಷನ್ನಿಗೆ ಹೊಂದಿಕೊಂಡಿಲ್ಲ. ಗಾಡಿ ಹೊರಡುವ ಊರಿಗೆ ಹೊಂದಿಕೊಂಡಿದೆ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಗಾಡಿ ಬೀದರ್ ಬಿಡುವುದು ಸಂಜೆ 6ಕ್ಕೆ, ಕಲಬುರಗಿಗೆ ಬರುವುದು ರಾತ್ರಿ 9ಕ್ಕೆ. ನಾಲ್ಕು ಗಂಟೆ ಮೊದಲು ಅಂದರೆ ಮಧ್ಯಾಹ್ನ 2. ನಾನು ಸಂಜೆ 5 ಅಂದುಕೊಂಡಿದ್ದೆ. ಮೂರು ಗಂಟೆ ಸುಮ್ನೆ ತಪ್ಪಿಹೋಯಿತು. ಬೀದರಿನಲ್ಲೇ ಹತ್ತುವವರಿಗೆ ಈ ಗೊಂದಲ ಇಲ್ಲ. ನಾವು ನಡುವಿನವರು, ಯಾದಗಿರಿಯವರು ಇನ್ನೂ ಆಚೆಯವರು. ನಡುವಿನ ಊರಿನವರಿಗೆಲ್ಲ ಗಾಡಿ ಬರುವುದಕ್ಕಿಂತ ಬಹಳ ಮೊದಲೇ ತೀರ್ಪು ಬಂದಿರುತ್ತದೆ.

ಇದಾದ ಮೇಲೆ ನಿಯಮವೇ ಬದಲಾಯಿತು. 2025ರ ಜುಲೈನಲ್ಲಿ ಚಾರ್ಟ್ ಹೊರಡುವ ನಾಲ್ಕು ಗಂಟೆ ಮೊದಲಿನ ಬದಲು ಎಂಟು ಗಂಟೆ ಮೊದಲು ಅಂತ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದನ್ನು ಇನ್ನೂ ಮುಂಚೆಗೆ ತಂದರು. ಈಗ ಬೆಳಿಗ್ಗೆ 5 ದಾಟಿ ಮಧ್ಯಾಹ್ನ 2ರ ಒಳಗೆ ಹೊರಡುವ ಗಾಡಿಗೆ ಹಿಂದಿನ ದಿನ ರಾತ್ರಿ 8ರೊಳಗೆ ಮೊದಲ ಚಾರ್ಟ್. ಉಳಿದ ಹೊತ್ತಿನಲ್ಲಿ ಹೊರಡುವ ಗಾಡಿಗಳಿಗೆ ಕನಿಷ್ಠ 10 ಗಂಟೆ ಮೊದಲು. ಅದೇ ಬೀದರ್ ಲೆಕ್ಕ ಹಾಕಿ ನೋಡಿ: ಸಂಜೆ 6ರ ಗಾಡಿಗೆ ಬೆಳಿಗ್ಗೆ 8ಕ್ಕೇ ಚಾರ್ಟ್. ಮುಂಬೈಯಿಂದ ಬೆಳಿಗ್ಗೆ ಹೊರಟು ಸಂಜೆ ನಮ್ಮಲ್ಲಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಗಾದರೆ ಹಿಂದಿನ ರಾತ್ರಿಯೇ. ನನಗೆ ಇದು ಒಳ್ಳೆಯದೇ ಅನ್ನಿಸಿತು. ಬ್ಯಾಗ್ ಕಟ್ಟಿ, ಮನೆಗೆ ಬೀಗ ಹಾಕುವ ಹೊತ್ತಿಗೆ ಟಿಕೆಟ್ ಹೋಯಿತು ಅಂತ ಗೊತ್ತಾಗುವುದಕ್ಕಿಂತ, ಬೆಳಿಗ್ಗೆ ಚಹಾ ಕುಡಿಯುವಾಗಲೇ ಗೊತ್ತಾದರೆ ಬಸ್ಸನ್ನಾದರೂ ಹುಡುಕಬಹುದು.

ಒಂದು ಎಚ್ಚರಿಕೆ. ದೂರದ ಗಾಡಿಗಳಲ್ಲಿ ನಡುವಿನ ಕೆಲವು ಸ್ಟೇಷನ್ನುಗಳಿಗೆ ಬೇರೆಯದೇ ಕೋಟಾ, ಬೇರೆಯದೇ ಚಾರ್ಟ್ ಇರುತ್ತದೆ. ಟಿಕೆಟ್ ಮೇಲೆ RLWL ಅಂತ ಇದ್ದರೆ ಅದು ಆ ಜಾತಿಯದ್ದು. ಆದ್ದರಿಂದ ಬರೀ ಗಡಿಯಾರ ನೋಡಿ ನಂಬಬೇಡಿ. ಪಿಎನ್‌ಆರ್ ಹಾಕಿ ನೋಡಿದರೆ ಕೆಳಗೆ `CHART NOT PREPARED` ಅಥವಾ `CHART PREPARED` ಅಂತ ಬರುತ್ತದೆ. ನಿಮ್ಮ ಟಿಕೆಟ್ಟಿನ ಮಟ್ಟಿಗೆ ಆ ಸಾಲೇ ಕೊನೆಯ ಮಾತು. ಇಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ. ಚಾರ್ಟ್ ಆದ ಮೇಲೂ ಪಿಎನ್‌ಆರ್‌ನಲ್ಲಿ ಹೆಸರಿನ ಮುಂದೆ WL 2 ಅಂತಲೇ ಕಾಣಬಹುದು. ಇನ್ನೂ ಕ್ಯೂನಲ್ಲಿ ಇದ್ದೇವೆ ಅಂತ ಅದನ್ನು ಓದಬಾರದು. `CHART PREPARED` ಜೊತೆಗೆ ಎಲ್ಲ ಹೆಸರೂ WL ಇದ್ದರೆ ಆ ಇ-ಟಿಕೆಟ್ ಮುಗಿಯಿತು ಅಂತ ಅರ್ಥ.

ಎರಡನೆಯದು, ಅದು ತಾನೇ ತಾನಾಗಿ ಯಾಕೆ ರದ್ದಾಗುತ್ತದೆ ಅನ್ನುವುದು. ನಮ್ಮ ಪಕ್ಕದ ಮನೆಯವರೂ ಅದೇ ಗಾಡಿಗೆ ಸ್ಟೇಷನ್ ಕೌಂಟರಿನಲ್ಲಿ ಟಿಕೆಟ್ ತಂದಿದ್ದರು. ಅವರದ್ದೂ ವೇಟಿಂಗ್. ಅವರ ಟಿಕೆಟ್ ಮಾತ್ರ ಕ್ಯಾನ್ಸಲ್ ಆಗಿರಲಿಲ್ಲ, ಕಿಸೆಯಲ್ಲೇ ಇತ್ತು. ಇದ್ಯಾವ ನ್ಯಾಯ ಅಂತ ಆ ದಿನ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಕಾರಣ ಸರಳ. ಕೌಂಟರ್ ಟಿಕೆಟ್ ಅಂದರೆ ಕೈಯಲ್ಲಿರುವ ಕಾಗದ. ದುಡ್ಡು ವಾಪಸ್ ಬೇಕಾದರೆ ಆ ಕಾಗದ ಕೊಡಬೇಕು, ಅದಕ್ಕೆ ಗಾಡಿ ಹೊರಡುವ ಅರ್ಧ ಗಂಟೆ ಮೊದಲಿನವರೆಗೆ ಅವಕಾಶ. ಕೊಡದಿದ್ದರೆ ಅದನ್ನು ರೈಲ್ವೆಯವರು ತಾವಾಗಿ ರದ್ದು ಮಾಡಿ ಅವರಿಗೆ ದುಡ್ಡು ಮುಟ್ಟಿಸುವ ದಾರಿ ಇಲ್ಲ. ಇ-ಟಿಕೆಟ್ಟಿನಲ್ಲಿ ವಾಪಸ್ ಪಡೆಯಲು ಕಾಗದವೇ ಇಲ್ಲ. ನಮ್ಮ ಪ್ರಿಂಟ್, ಮೆಸೇಜ್ ಎಲ್ಲ ನೆಪಕ್ಕೆ. ನಿಜವಾದ ಟಿಕೆಟ್ ಅಂದರೆ ಚಾರ್ಟಿನಲ್ಲಿರುವ ಹೆಸರು, ಜೊತೆಗೆ ನಮ್ಮ ಗುರುತಿನ ಚೀಟಿ. ಚಾರ್ಟಿಗೆ ಹೆಸರು ಹೋಗಲಿಲ್ಲ ಅಂದರೆ ಟಿಟಿಇ ಕೈಯಲ್ಲಿ ನಾವು ಯಾರೂ ಅಲ್ಲ. ದುಡ್ಡು ಬಂದ ಖಾತೆ ಸಿಸ್ಟಮ್‌ಗೆ ಗೊತ್ತಿದೆ, ಹಾಗಾಗಿ ಯಾರೂ ಕೇಳದೆಯೇ ಅದೇ ಖಾತೆಗೆ ತಿರುಗಿಸಿಬಿಡುತ್ತದೆ. ಕಾಯುವವರನ್ನು ಕೈಬಿಟ್ಟು ಲೆಕ್ಕ ಮುಗಿಸುವ ಕೆಲಸ ಮೊದಲ ಚಾರ್ಟಿನ ಹೊತ್ತಿಗೇ ಆಗುತ್ತದೆ.

ಆ ಮೆಸೇಜ್ ತೋರಿಸಿ ಹತ್ತಿಬಿಡೋಣ ಅನ್ನುವವರು ನಮ್ಮಲ್ಲಿ ಜಾಸ್ತಿ. ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ: ಪ್ರಯಾಣದ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ದುಡ್ಡು ಆಗಲೇ ವಾಪಸ್ ಹೊರಟಿರುತ್ತದೆ, ಆದ್ದರಿಂದ ದುಡ್ಡು ಕಟ್ಟಿದ್ದೇನಲ್ಲ ಅನ್ನುವ ಮಾತು ನಡೆಯುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ವೇಟಿಂಗ್ 2ಕ್ಕೆ ಬಂದು ನಿಂತಿತ್ತಲ್ಲ, ಚಾರ್ಟ್ ಆದ ಮೇಲೆ ಯಾರೋ ಇಬ್ಬರು ಕ್ಯಾನ್ಸಲ್ ಮಾಡಿದರೆ ಆ ಬರ್ತ್ ನಮಗೆ ಬರಬೇಕಲ್ವಾ? ಬರುವುದಿಲ್ಲ. ವೇಟಿಂಗ್ ಅನ್ನುವ ಸಾಲೇ ಮೊದಲ ಚಾರ್ಟಿಗೆ ಮುಗಿದುಹೋಗುತ್ತದೆ. ಆಮೇಲೆ ಖಾಲಿಯಾದ ಬರ್ತ್ ಮೊದಲು ಆರ್‌ಎಸಿಯವರಿಗೆ ಹೋಗುತ್ತದೆ. ಅವರು ಸೈಡ್ ಲೋವರ್ ಬರ್ತಿನಲ್ಲಿ ಇಬ್ಬಿಬ್ಬರು ಕೂತು ಕಾಯುತ್ತಿರುತ್ತಾರೆ, ಅವರ ಹೆಸರು ಚಾರ್ಟಿನಲ್ಲಿ ಇರುತ್ತದೆ. ಅದನ್ನೂ ಮೀರಿ ಉಳಿದರೆ ಕರೆಂಟ್ ಬುಕಿಂಗ್‌ಗೆ ಬರುತ್ತದೆ. ಹೊರಡುವ ಅರ್ಧ ಗಂಟೆ ಮೊದಲು ಎರಡನೇ ಚಾರ್ಟ್ ಆಗುವವರೆಗೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಎರಡನೇ ಚಾರ್ಟಿನಲ್ಲಿ ನಮ್ಮ ಹೆಸರು ಎದ್ದು ಬರುತ್ತದೆ ಅಂತ ಕಾಯುವವರನ್ನು ನಾನು ಸ್ಟೇಷನ್ನಿನಲ್ಲೇ ಕಂಡಿದ್ದೇನೆ. ಅದರಲ್ಲಿ ಬರುವುದು ಹೊಸದಾಗಿ ಟಿಕೆಟ್ ಕೊಂಡವರ ಹೆಸರು.

ಇನ್ನು ಆ ದಿನ ಏನಾಯಿತು ಅಂದರೆ, ಮರುದಿನ ಬೆಳಗಿನ ಜಾವ ಕಲಬುರಗಿಯಿಂದಲೇ ಹೊರಡುವ ವಂದೇ ಭಾರತ್‌ನಲ್ಲಿ ಮೂರು ಸೀಟ್ ಸಿಕ್ಕವು. ಖರ್ಚು ಜಾಸ್ತಿ ಆಯಿತು. ಆಸ್ಪತ್ರೆಯವರಿಗೆ ಫೋನ್ ಮಾಡಿ ಬೆಳಗಿನ ಹೊತ್ತನ್ನು ಸಂಜೆಗೆ ಬದಲಾಯಿಸಿಕೊಂಡೆ. ಹಳೆಯ ಟಿಕೆಟ್ಟಿನ ದುಡ್ಡು ಮೂರ್ನಾಲ್ಕು ದಿನದಲ್ಲಿ ಬಂತು, ಆದರೆ ಪೂರ್ತಿ ಅಲ್ಲ. ತಲೆಗೆ ಇಷ್ಟು ಅಂತ ಕ್ಲರ್ಕೇಜ್ ಕಡಿತ, ಮೂವರಿದ್ದರೆ ಮೂರು ಪಟ್ಟು. ಬುಕ್ ಮಾಡುವಾಗ ಕಟ್ಟಿದ ಕನ್ವೀನಿಯನ್ಸ್ ಫೀ ಅಂತೂ ಬರುವುದೇ ಇಲ್ಲ. ಸೀಟನ್ನೂ ಕೊಡದೆ, ನಾನು ಕೇಳದೆಯೇ ರದ್ದು ಮಾಡಿ, ಅದಕ್ಕೂ ಕೂಲಿ ಹಿಡಿಯುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅರ್ಧ ಅಂಕ ಹೋದದ್ದು ಇಲ್ಲೇ.

ಕಳೆದ ದಸರೆಯಲ್ಲಿ ಇನ್ನೊಂದು ತರಹ ಆಯಿತು. ಒಂದೇ ಪಿಎನ್‌ಆರ್‌ನಲ್ಲಿ ಮೂವರು: ಅವ್ವ, ಹೆಂಡತಿ ಆರ್‌ಎಸಿ, ನಾನು ವೇಟಿಂಗ್ 1. ಈ ಸಲ ರದ್ದಿನ ಮೆಸೇಜ್ ಬರಲಿಲ್ಲ. ಒಬ್ಬರಿಗಾದರೂ ಕನ್ಫರ್ಮ್ ಅಥವಾ ಆರ್‌ಎಸಿ ಆಗಿದ್ದರೆ ಆ ಪಿಎನ್‌ಆರ್‌ನ ಎಲ್ಲ ಹೆಸರೂ ಚಾರ್ಟಿಗೆ ಹೋಗುತ್ತವೆ. ತಾನಾಗಿ ರದ್ದಾಗುವುದು ಪೂರ್ತಿ ವೇಟಿಂಗ್ ಆಗಿರುವ ಇ-ಟಿಕೆಟ್ ಮಾತ್ರ. ನನ್ನ ಹೆಸರಿನ ದುಡ್ಡು ತಾನೇ ಬರುತ್ತದೆ ಅಂತ ಸುಮ್ಮನಿದ್ದಿದ್ದರೆ ಅದು ಹೋಗಿಯೇ ಹೋಗುತ್ತಿತ್ತು. ಮೂವರೂ ಹೋಗುವುದಿಲ್ಲ ಅಂದರೆ ಹೊರಡುವ ಅರ್ಧ ಗಂಟೆ ಮೊದಲೇ ನಾವೇ ಕ್ಯಾನ್ಸಲ್ ಮಾಡಬೇಕು. ಇಬ್ಬರು ಹೋಗಿ ಒಬ್ಬರು ಉಳಿದರೆ ಹೋದವರು ಗಾಡಿಯಲ್ಲಿ ಟಿಟಿಇ ಹತ್ತಿರ, ಈ ಹೆಸರಿನವರು ಬಂದಿಲ್ಲ ಅಂತ ಬರೆಸಿಕೊಳ್ಳಬೇಕು. ಆಮೇಲೆ ಆನ್‌ಲೈನ್‌ನಲ್ಲಿ ಟಿಡಿಆರ್ ಅನ್ನುವ, ದುಡ್ಡು ವಾಪಸ್ ಕೇಳುವ ಅರ್ಜಿ ಹಾಕಬೇಕು. ಅವ್ವ, ಹೆಂಡತಿ ಗಾಡಿಯಲ್ಲಿ ಹೋದರು, ನಾನು ಬಸ್ಸಿನಲ್ಲಿ. ಹೆಂಡತಿ ಟಿಟಿಇ ಅವರನ್ನು ಎರಡು ಸಲ ಕೇಳಿ ಚೀಟಿ ತಂದಳು. ದುಡ್ಡು ಬರಲು ವಾರಗಟ್ಟಲೆ ಆಯಿತು, ಆದರೆ ಬಂತು.

ವಯಸ್ಸಾದವರ ಜೊತೆ ಹೋಗುವಾಗ ನಾನು ಈಗಲೂ ಒಂದೇ ಪಿಎನ್‌ಆರ್ ಮಾಡಿಸುತ್ತೇನೆ. ಬೇರೆ ಬೇರೆ ಮಾಡಿಸಿದರೆ ಒಬ್ಬರದ್ದು ಉಳಿದು ಇನ್ನೊಬ್ಬರದ್ದು ತಾನಾಗಿ ಹೋಗುತ್ತದೆ, ಅವ್ವನನ್ನು ಒಬ್ಬಳನ್ನೇ ಗಾಡಿ ಹತ್ತಿಸುವುದು ಆಗದ ಮಾತು.

ಈ ಸೇವೆ ನಡೆಸುವವರಿಗೆ ನನ್ನ ಕೋರಿಕೆ ಒಂದೇ. ಪೂರ್ತಿ ವೇಟಿಂಗ್ ಇದ್ದರೆ ಹೆಸರು ಚಾರ್ಟಿನಿಂದ ಬಿಟ್ಟುಹೋಗುತ್ತದೆ ಅನ್ನುವುದು ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದೇ ಇದೆ. ಹತ್ತುವ ಊರು, ಹತ್ತುವ ಹೊತ್ತು ದೊಡ್ಡದಾಗಿ ಇದೆ. ಅದರ ಪಕ್ಕದಲ್ಲೇ, ಈ ಟಿಕೆಟ್ಟಿನ ಮೊದಲ ಚಾರ್ಟ್ ಇಷ್ಟು ಗಂಟೆಗೆ ಅಂತ ಒಂದು ಸಾಲು ಹಾಕಿ. ಆ ಸಾಲು ಇದ್ದಿದ್ದರೆ ಅವತ್ತು ನಾನು ಬೆಳಿಗ್ಗೆಯೇ ಬೇರೆ ಟಿಕೆಟ್ ನೋಡಿಕೊಂಡು, ಮಧ್ಯಾಹ್ನದ ಊಟವನ್ನು ಬಿಸಿಯಾಗಿದ್ದಾಗಲೇ ಮುಗಿಸುತ್ತಿದ್ದೆ.