ಚೀಲದ ಅಟ್ಟಿ ಲೆಕ್ಕ: ಯಾವ ಸೂತ್ರ ಹಿಡಿಯಬೇಕು?

ಸಮಾಂತರ ಶ್ರೇಢಿಯ ಮೊತ್ತಕ್ಕೆ ಎರಡು ಸೂತ್ರ ಇವೆ. ಪರೀಕ್ಷೆಯಲ್ಲಿ ಯಾವುದು ಬರೆಯಲಿ ಅಂತ ಮಕ್ಕಳು ತಡವರಿಸುತ್ತಾರೆ.

```
S = n/2 × (a + l)
S = n/2 × [2a + (n−1)d]
```

ಇಲ್ಲಿ a ಮೊದಲ ಪದ, l ಕೊನೆಯ ಪದ, d ಪದದಿಂದ ಪದಕ್ಕೆ ಇರುವ ವ್ಯತ್ಯಾಸ, n ಒಟ್ಟು ಪದಗಳು, S ಮೊತ್ತ. ಗಂಗಾವತಿಯ ಒಂದು ಗೋದಾಮಿನಲ್ಲಿ ಭತ್ತದ ಚೀಲ ಅಟ್ಟಿ ಹಾಕಿದ್ದಾರೆ ಅನ್ನಿ. ಕೆಳಗಿನ ಸಾಲಿನಲ್ಲಿ 15 ಚೀಲ. ಮೇಲೆ ಹೋದಂತೆ ಸಾಲಿಗೆ ಒಂದೊಂದು ಕಡಿಮೆ. ತುದಿಯಲ್ಲಿ 5.

ತುದಿಯ ಸಾಲು ಕಣ್ಣಿಗೆ ಕಾಣುತ್ತಿದ್ದರೆ ಮೊದಲ ಸೂತ್ರವೇ ಸಲೀಸು. ಆದರೆ ಮೊದಲು ಸಾಲು ಎಷ್ಟು ಅಂತ ಗೊತ್ತಾಗಬೇಕು. ಅದಕ್ಕೆ nನೇ ಪದದ ಸೂತ್ರ: 5 = 15 + (n−1)(−1). ಆಗ n = 11. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. 15ರಲ್ಲಿ 5 ಕಳೆದು ಸುಮ್ನೆ 10 ಸಾಲು ಅಂತ ಬರೆದುಬಿಡುತ್ತಾರೆ. 10 ಅನ್ನುವುದು ಎಷ್ಟು ಸಲ ಕಡಿಮೆಯಾಯಿತು ಅನ್ನುವ ಲೆಕ್ಕ, ಸಾಲುಗಳದ್ದಲ್ಲ. ಒಟ್ಟು ಚೀಲ 11/2 × 20 = 110.

ಈಗ ಪ್ರಶ್ನೆ ತಿರುಗಿಸಿ. 110 ಚೀಲ ಇವೆ, ಕೆಳಗೆ 15, ಎಷ್ಟು ಸಾಲು? ತುದಿ ಗೊತ್ತಿಲ್ಲ, ಹಾಗಾಗಿ ಎರಡನೇ ಸೂತ್ರವೇ ಬೇಕು. ಬಿಡಿಸಿದರೆ n² − 31n + 220 = 0. ಉತ್ತರ ಎರಡು: 11 ಮತ್ತು 20.

20 ಯಾಕೆ ಬಂತು? 20ನೇ ಸಾಲು 15 − 19 = −4. ಅಷ್ಟು ಚೀಲ ಇರೋದಕ್ಕೆ ಆಗಲ್ಲ ಅಲ್ವಾ? 12ರಿಂದ 20ನೇ ಸಾಲಿನವರೆಗೆ 4, 3, 2, 1, 0, −1, −2, −3, −4 ಬಂದು, ಕೂಡಿದರೆ ಸೊನ್ನೆ. ಅದಕ್ಕೇ ಮೊತ್ತ 110 ಆಗೇ ಉಳಿಯಿತು. 20 ಬಿಟ್ಟು 11 ಇಟ್ಟುಕೊಳ್ಳಿ, ಕಾರಣವನ್ನೂ ಒಂದು ಸಾಲು ಬರೆಯಿರಿ.

ಸಭಾಂಗಣದ ಕುರ್ಚಿ ಸಾಲು ಹಿಂದಕ್ಕೆ ಹೋದಂತೆ ಹೆಚ್ಚುತ್ತಿದ್ದರೆ ಇನ್ನೊಂದು ಉತ್ತರ ನೇರವಾಗಿ ಋಣ ಸಂಖ್ಯೆಯಾಗಿ ಬರುತ್ತದೆ. ನೋಡಿದ ಕೂಡಲೇ ಬಿಡಬಹುದು. ಇಳಿಯುವ ಅಟ್ಟಿಯಲ್ಲಿ ಮಾತ್ರ ತುದಿಯ ಸಾಲನ್ನು ಲೆಕ್ಕ ಹಾಕಿಯೇ ನೋಡಬೇಕು.